ಶಿಬಿರದಲ್ಲಿ ಪತ್ತೆಯಾದವರು ಹೆಚ್ಚು ವರ್ಷ ಬದುಕಿದರೆ, ಶಿಬಿರ ಜೀವ ಉಳಿಸಿತೆಂದು ಹೇಳಬಹುದೇ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರದ ಒಂದು ಗ್ರಂಥಾಲಯ. ಎಲೆಯಡಿಕೆ, ಹೊಗೆಸೊಪ್ಪು ತಿನ್ನುವವರಿಗಾಗಿ ಕೆಲವು ವರ್ಷಗಳಿಂದ ಬಾಯಿ ಕ್ಯಾನ್ಸರ್ ತಪಾಸಣೆ ಶಿಬಿರ ನಡೆಸುತ್ತಿದ್ದೇವೆ. ಶಿಬಿರದಲ್ಲಿ ಪತ್ತೆಯಾದ 20 ರೋಗಿಗಳಲ್ಲಿ 15 ಮಂದಿ ಐದು ವರ್ಷ ದಾಟಿದ್ದಾರೆ. ಇದೇ ಆಸುಪಾಸಿನಿಂದ ಹುಣ್ಣು, ನೋವು ಅಂತ ತಾವಾಗಿ ಆಸ್ಪತ್ರೆಗೆ ಹೋದ 40 ಮಂದಿಯಲ್ಲಿ ಐದು ವರ್ಷ ದಾಟಿದವರು 12 ಮಾತ್ರ. ಶಿಬಿರದಿಂದ ಬದುಕುವ ಸಾಧ್ಯತೆ ಎರಡೂವರೆ ಪಟ್ಟು ಆಯಿತು ಎಂದು ವರದಿಯಲ್ಲಿ ಹಾಕುವವರಿದ್ದೆವು. ಡಾಕ್ಟರೊಬ್ಬರು, ಲೀಡ್ ಟೈಮ್ ಬಯಾಸ್, ಲೆಂಗ್ತ್ ಬಯಾಸ್ ಇರುತ್ತದೆ, ಹಾಗೆ ಬರೆಯಬೇಡಿ ಅಂದರು. ಲೆಕ್ಕ ಸರಿ ಇರುವಾಗ ತಪ್ಪು ಎಲ್ಲಿ?

ಉತ್ತರ: ಭಾಗಾಕಾರದಲ್ಲಿ ತಪ್ಪಿಲ್ಲ. ಒಂದು ಕಡೆ ಶೇಕಡಾ 75, ಇನ್ನೊಂದು ಕಡೆ ಶೇಕಡಾ 30. ಆದರೆ ಶಿಬಿರದಿಂದ ಒಂದು ಜೀವವೂ ಉಳಿಯದೆ ಇದ್ದಾಗಲೂ ಇಷ್ಟೇ ಅಂತರ ಕಾಣಿಸಬಹುದು, ಹಲವು ಜೀವ ಉಳಿದಾಗಲೂ ಇಷ್ಟೇ ಕಾಣಿಸಬಹುದು. ಎರಡೂ ಸಂದರ್ಭದಲ್ಲಿ ಒಂದೇ ಉತ್ತರ ಕೊಡುವ ಲೆಕ್ಕದಿಂದ ಯಾವುದು ನಿಜ ಎಂದು ಹೇಳಲಾಗದು. ನಿಮ್ಮ ಡಾಕ್ಟರು ಎಚ್ಚರಿಸಿದ್ದು ಇದನ್ನೇ. ಬಯಾಸ್ ಎಂದರೆ ಲೆಕ್ಕವನ್ನು ಒಂದೇ ಕಡೆಗೆ ವಾಲಿಸುವ ದೋಷ. ಇದರಲ್ಲಿ ಎಡವುವುದು ಸಂಘಸಂಸ್ಥೆಗಳವರು ಮಾತ್ರ ಅಲ್ಲ. ಅಮೆರಿಕದ 412 ವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ, ಸ್ಕ್ರೀನಿಂಗಿನಲ್ಲಿ, ಅಂದರೆ ಲಕ್ಷಣ ಇಲ್ಲದವರ ತಪಾಸಣೆಯಲ್ಲಿ, ಪತ್ತೆಯಾದವರ ಐದು ವರ್ಷದ ಬದುಕುಳಿವು ಹೆಚ್ಚಿದ್ದರೆ ಅದೇ ಜೀವ ಉಳಿದದ್ದಕ್ಕೆ ಸಾಕ್ಷಿ ಎಂದು ಒಪ್ಪಿದ್ದರು.

ಮೊದಲು ಲೀಡ್ ಟೈಮ್ ನೋಡೋಣ. 'ಐದು ವರ್ಷ ಬದುಕಿದರು' ಎನ್ನುವಾಗ ಆ ಐದು ವರ್ಷವನ್ನು ಎಲ್ಲಿಂದ ಎಣಿಸುತ್ತೇವೆ? ರೋಗ ಪತ್ತೆಯಾದ ದಿನದಿಂದ. ಈಗ ಒಬ್ಬರ ಕೆನ್ನೆಯ ಒಳಗಡೆ 54ನೇ ವಯಸ್ಸಿನಲ್ಲಿ ಸಣ್ಣ ಗಂಟೊಂದು ಕಣ್ಣಿಗೆ ಕಾಣುವಷ್ಟಾಗಿದೆ ಎಂದುಕೊಳ್ಳಿ. ನೋವಿಲ್ಲ, ಅವರು ಡಾಕ್ಟರ ಹತ್ತಿರ ಹೋಗುವುದಿಲ್ಲ. 57ಕ್ಕೆ ಬಾಯಿ ತೆರೆಯಲಾಗದೆ ಮಂಗಳೂರಿಗೆ ಹೋಗುತ್ತಾರೆ, 60ಕ್ಕೆ ತೀರಿಕೊಳ್ಳುತ್ತಾರೆ. ಆಸ್ಪತ್ರೆಯ ದಾಖಲೆಯ ಪ್ರಕಾರ ಅವರು ಬದುಕಿದ್ದು ಮೂರು ವರ್ಷ, ಐದು ದಾಟಲಿಲ್ಲ. ಇದೇ ಮನುಷ್ಯ 54ರಲ್ಲಿ ನಿಮ್ಮ ಶಿಬಿರಕ್ಕೆ ಬಂದರು, ಗಂಟು ಪತ್ತೆಯಾಯಿತು, ಚಿಕಿತ್ಸೆಯೂ ಆಯಿತು, ಆದರೆ ಚಿಕಿತ್ಸೆ ಫಲ ಕೊಡದೆ ಅದೇ 60ಕ್ಕೆ ತೀರಿಕೊಂಡರು ಎಂದಿಟ್ಟುಕೊಳ್ಳಿ. ಈಗ ದಾಖಲೆಯ ಪ್ರಕಾರ ಅವರು ಆರು ವರ್ಷ ಬದುಕಿದರು, ಐದು ವರ್ಷ ದಾಟಿದವರ ಪಟ್ಟಿಗೆ ಸೇರಿದರು. ಸತ್ತ ದಿನ ಒಂದೇ. ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ತನಗೆ ಕ್ಯಾನ್ಸರ್ ಇದೆ ಎಂದು ತಿಳಿದು ಕಳೆದ ಮೂರು ವರ್ಷ. ಪತ್ತೆ ಹಿಂದಕ್ಕೆ ಸರಿದ ಈ ಮೂರು ವರ್ಷವೇ ಲೀಡ್ ಟೈಮ್. ಇದನ್ನು ಬದುಕಿನ ಲಾಭ ಎಂದು ಎಣಿಸುವುದೇ ಲೀಡ್ ಟೈಮ್ ಬಯಾಸ್.

ಒಬ್ಬರ ವಿಷಯದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ. ಗುಂಪಿನಲ್ಲಿ ಇದು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಮಾತ್ರ ಹೆಚ್ಚಿನವರು ಊಹಿಸುವುದಿಲ್ಲ. ಹತ್ತು ರೋಗಿಗಳನ್ನು ತೆಗೆದುಕೊಳ್ಳಿ. ತಾವಾಗಿ ಆಸ್ಪತ್ರೆಗೆ ಹೋದರೆ, ಹೋದ ದಿನದಿಂದ ಅವರು ಬದುಕುವುದು 1, 1.5, 2, 2.5, 3.3, 3.7, 4.5, 7, 9 ಮತ್ತು 12 ವರ್ಷ. ಐದು ದಾಟಿದವರು ಮೂವರು, ಅಂದರೆ ಶೇಕಡಾ 30. ಈ ಹತ್ತೂ ಮಂದಿಯನ್ನು ಶಿಬಿರದಲ್ಲಿ ಎರಡು ವರ್ಷ ಮೊದಲೇ ಪತ್ತೆ ಮಾಡಿದೆವು, ಆದರೆ ಯಾರ ಸಾವಿನ ದಿನವೂ ಒಂದು ದಿನ ಸಹ ಮುಂದಕ್ಕೆ ಹೋಗಲಿಲ್ಲ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ಸಂಖ್ಯೆಗೂ ಎರಡು ಸೇರಿಸಿ: 3, 3.5, 4, 4.5, 5.3, 5.7, 6.5, 9, 11, 14. ಐದು ದಾಟಿದವರು ಈಗ ಆರು ಮಂದಿ. ಶೇಕಡಾ 30 ಇದ್ದದ್ದು 60 ಆಯಿತು. ಉಳಿದ ಜೀವ ಸೊನ್ನೆ.

ಗೆರೆ ದಾಟಿದ್ದು ಯಾರು ಎಂದು ಗಮನಿಸಿ. ಮೊದಲ ಪಟ್ಟಿಯಲ್ಲಿ ಮೂರರಿಂದ ಐದು ವರ್ಷದ ನಡುವೆ ತೀರಿಕೊಂಡಿದ್ದ ಮೂವರೇ. ಅಂದರೆ ಬಯಾಸ್ ಎಷ್ಟು ದೊಡ್ಡದು ಎಂಬುದು ಎರಡು ವಿಷಯಗಳ ಮೇಲೆ ನಿಂತಿದೆ: ಪತ್ತೆ ಎಷ್ಟು ಹಿಂದಕ್ಕೆ ಸರಿಯಿತು, ಮತ್ತು ಐದು ವರ್ಷದ ಗೆರೆಗೆ ಸ್ವಲ್ಪ ಈಚೆ ಎಷ್ಟು ಸಾವುಗಳು ಗುಂಪಾಗಿದ್ದವು. ಬಾಯಿ ಕ್ಯಾನ್ಸರಿನಲ್ಲಿ ರೋಗ ಮರುಕಳಿಸುವುದು ಬಹುಪಾಲು ಮೊದಲ ಎರಡು ವರ್ಷಗಳಲ್ಲಿ, ಸಾವುಗಳೂ ಹೆಚ್ಚಾಗಿ ಐದರ ಗೆರೆಗಿಂತ ಬಹಳ ಈಚೆಯೇ ಆಗುತ್ತವೆ, ಹಾಗಾಗಿ ಲೀಡ್ ಟೈಮ್ ಒಂದರಿಂದಲೇ ನಿಮ್ಮ 30 ಹೋಗಿ 75 ಆಗುವುದು ಕಷ್ಟ. ಪ್ರಾಸ್ಟೇಟ್‌ನಂತಹ ನಿಧಾನದ ರೋಗದಲ್ಲಾದರೆ ಅದೊಂದೇ ಸಾಕಾಗಬಹುದಿತ್ತು.

ಹಾಗಾದರೆ ಆ ಎರಡು ವರ್ಷವನ್ನು ಕಳೆದು ಲೆಕ್ಕ ಮಾಡಿದರಾಯಿತಲ್ಲ ಎಂದು ಕೇಳಬಹುದು. ನಮ್ಮ ಹತ್ತು ಮಂದಿಯ ವಿಷಯದಲ್ಲಿ ಮಾಡಬಹುದು, ಯಾಕೆಂದರೆ ಎರಡು ಎಂದು ನಾವೇ ಇಟ್ಟಿದ್ದೇವೆ. ನಿಜವಾದ ರೋಗಿಯಲ್ಲಿ, ಶಿಬಿರ ಇಲ್ಲದಿದ್ದರೆ ಇವರು ಯಾವ ತಿಂಗಳು ಆಸ್ಪತ್ರೆಗೆ ಹೋಗುತ್ತಿದ್ದರು ಎಂಬುದನ್ನು ಯಾರೂ ನೋಡಿರುವುದಿಲ್ಲ. ಅಂದಾಜಿನ ಸರಾಸರಿ ಹಾಕಬೇಕು. ಅಂದಾಜು ತಪ್ಪಿದರೆ ಏನಾಗುತ್ತದೆ ನೋಡಿ: ಎರಡರ ಬದಲು ಒಂದು ವರ್ಷ ಎಂದುಕೊಂಡು, ಶಿಬಿರದವರಲ್ಲಿ ಆರು ವರ್ಷ ದಾಟಿದವರನ್ನು ಎಣಿಸಿದರೆ ನಾಲ್ಕು ಮಂದಿ ಸಿಗುತ್ತಾರೆ. ಶೇಕಡಾ 40. ಸೊನ್ನೆ ಇರಬೇಕಾದ ಲಾಭ ಹತ್ತು ಎಂದು ಕಾಣುತ್ತದೆ, ಅದೂ 'ಲೀಡ್ ಟೈಮ್ ಸರಿಪಡಿಸಿದ ನಂತರ' ಎಂಬ ಹಣೆಪಟ್ಟಿಯ ಜೊತೆ. ಇಂಥ ತಿದ್ದುಪಡಿ ಮಾಡಿದ ವರದಿ ಕೈಗೆ ಬಂದರೆ, ಎಷ್ಟು ವರ್ಷ ಕಳೆದರು, ಆ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಹುಡುಕಿ.

ಇನ್ನು ಲೆಂಗ್ತ್ ಬಯಾಸ್. ನಿಮ್ಮ ಶಿಬಿರದ ಮಟ್ಟಿಗೆ ನನಗೆ ಹೆಚ್ಚು ಗುಮಾನಿ ಇರುವುದು ಇದರ ಮೇಲೆಯೇ, ಯಾಕೆಂದರೆ ನೀವು ಹೋಲಿಸಿದ ಎರಡು ಗುಂಪುಗಳನ್ನು ಇದು ಎರಡು ದಿಕ್ಕಿಗೆ ಎಳೆಯುತ್ತದೆ.

ಕುಂಬಳೆ ಬಸ್ ಸ್ಟ್ಯಾಂಡಿನ ಒಂದು ಫೋಟೋ ತೆಗೆದರೆ ಅದರಲ್ಲಿ ಅರ್ಧ ಗಂಟೆ ನಿಲ್ಲುವ ಬಸ್ಸುಗಳೇ ಹೆಚ್ಚು ಕಾಣುತ್ತವೆ, ಎರಡು ನಿಮಿಷ ನಿಂತು ಹೊರಡುವ ಬಸ್ಸುಗಳು ಬೇಕಾದಷ್ಟು ಬಂದುಹೋದರೂ ಫೋಟೋದಲ್ಲಿ ಬೀಳುವುದು ಅಪರೂಪ. ಶಿಬಿರವೂ ಒಂದು ದಿನದ ಫೋಟೋ. ಕಣ್ಣಿಗೆ ಕಾಣುವಂತಾಗಿ, ಆದರೆ ರೋಗಿಗೆ ತೊಂದರೆ ಕೊಡದೆ ಬಹಳ ಕಾಲ ಇರುವ ಗಡ್ಡೆಗಳು ಆ ದಿನ ಸಿಕ್ಕಿಬೀಳುತ್ತವೆ. ಬೇಗ ಬೆಳೆಯುವವು ಎರಡು ಶಿಬಿರಗಳ ನಡುವೆ ಹುಟ್ಟಿ, ನೋವು ತಂದು, ಆಸ್ಪತ್ರೆ ಸೇರಿರುತ್ತವೆ. ಹೀಗೆ ಬಹಳ ಕಾಲ ಇರುವವೇ ಹೆಚ್ಚಾಗಿ ಲೆಕ್ಕಕ್ಕೆ ಸಿಗುವುದೇ ಲೆಂಗ್ತ್ ಬಯಾಸ್.

ಸಂಖ್ಯೆ ಹಾಕಿ ನೋಡೋಣ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆಗಳು, ಯಾವ ಊರಿನವೂ ಅಲ್ಲ. ಒಂದು ಪ್ರದೇಶದಲ್ಲಿ ವರ್ಷಕ್ಕೆ 10 ನಿಧಾನದ ಕ್ಯಾನ್ಸರ್, 10 ವೇಗದ ಕ್ಯಾನ್ಸರ್ ಶುರುವಾಗುತ್ತವೆ. ನಿಧಾನದವು ಲಕ್ಷಣವಿಲ್ಲದೆ, ಆದರೆ ಟಾರ್ಚ್ ಹಾಕಿ ನೋಡಿದರೆ ಕಾಣುವಂತೆ, ನಾಲ್ಕು ವರ್ಷ ಇರುತ್ತವೆ. ವೇಗದವು ಹಾಗೆ ಇರುವುದು ಆರೇ ತಿಂಗಳು. ನಿಧಾನದವರಲ್ಲಿ ಶೇಕಡಾ 80, ವೇಗದವರಲ್ಲಿ ಶೇಕಡಾ 20 ಮಂದಿ ಐದು ವರ್ಷ ದಾಟುತ್ತಾರೆ. ಇದು ಎಲ್ಲಿ, ಹೇಗೆ ಪತ್ತೆಯಾದರೂ ಬದಲಾಗುವುದಿಲ್ಲ, ಅಂದರೆ ಸ್ಕ್ರೀನಿಂಗಿನಿಂದ ಲಾಭ ಸೊನ್ನೆ ಎಂದೇ ಇಟ್ಟುಕೊಂಡಿದ್ದೇವೆ. ಲೀಡ್ ಟೈಮನ್ನು ಇಲ್ಲಿ ಬೇಕೆಂದೇ ಹೊರಗಿಟ್ಟಿದ್ದೇನೆ.

ಶಿಬಿರದ ದಿನ ಆ ಪ್ರದೇಶದಲ್ಲಿ ಪತ್ತೆಗೆ ಸಿಗುವಂತೆ ಎಷ್ಟು ಇರುತ್ತವೆ? ವರ್ಷಕ್ಕೆ ಹುಟ್ಟುವ ಸಂಖ್ಯೆಯನ್ನು ಇರುವ ಅವಧಿಯಿಂದ ಗುಣಿಸಬೇಕು. ನಿಧಾನದವು 10 ಗುಣಿಸು 4, ಅಂದರೆ 40. ವೇಗದವು 10 ಗುಣಿಸು ಅರ್ಧ, ಅಂದರೆ 5. ಊರಿನಲ್ಲಿ ಎರಡೂ ಸಮಸಮ ಹುಟ್ಟುತ್ತಿದ್ದರೂ, ಶಿಬಿರದ ಪುಸ್ತಕದಲ್ಲಿ 45ರಲ್ಲಿ 40 ನಿಧಾನದವೇ. ಐದು ವರ್ಷ ದಾಟುವವರು ನಿಧಾನದವರಲ್ಲಿ 32, ವೇಗದವರಲ್ಲಿ 1, ಒಟ್ಟು 33. ಶೇಕಡಾ 73.

ಈಗ ಮುಂದಿನ ಒಂದು ವರ್ಷ ತಾವಾಗಿ ಆಸ್ಪತ್ರೆಗೆ ಬರುವವರು ಯಾರು? ಶಿಬಿರದ ದಿನ ಇದ್ದವೆಲ್ಲ ಆಗಲೇ ಪತ್ತೆಯಾಗಿವೆ. ಹೊಸದಾಗಿ ಹುಟ್ಟಿದ ನಿಧಾನದ ಕ್ಯಾನ್ಸರ್ ಯಾವುದೂ ಒಂದು ವರ್ಷದೊಳಗೆ ಲಕ್ಷಣ ತೋರುವುದಿಲ್ಲ, ಅದಕ್ಕೆ ನಾಲ್ಕು ವರ್ಷ ಬೇಕು. ವೇಗದವುಗಳಲ್ಲಿ ಮೊದಲ ಆರು ತಿಂಗಳಲ್ಲಿ ಹುಟ್ಟಿದ 5 ಮಾತ್ರ ವರ್ಷದೊಳಗೆ ನೋವು ತರುತ್ತವೆ. ಅಂದರೆ ಆಸ್ಪತ್ರೆಗೆ ಬಂದ ಐವರೂ ವೇಗದ ಗುಂಪಿನವರೇ, ಐದು ವರ್ಷ ದಾಟುವವರು ಒಬ್ಬರು. ಶೇಕಡಾ 20.

ಒಂದು ಕಡೆ 73, ಇನ್ನೊಂದು ಕಡೆ 20. ನಿಮ್ಮ ಅಂತರಕ್ಕಿಂತ ದೊಡ್ಡದು, ಮತ್ತು ಸ್ಕ್ರೀನಿಂಗ್ ಏನೇನೂ ಮಾಡಿಲ್ಲ, ರೋಗಿಗಳನ್ನು ಎರಡು ಪುಸ್ತಕಗಳಿಗೆ ಹಂಚಿದೆ ಅಷ್ಟೆ. ಒಳ್ಳೆಯ ಭವಿಷ್ಯ ಇದ್ದವರು ನಿಮ್ಮ ಪುಸ್ತಕಕ್ಕೆ, ಕೆಟ್ಟದ್ದು ಇದ್ದವರು ಆಸ್ಪತ್ರೆಯ ಪುಸ್ತಕಕ್ಕೆ. ಶಿಬಿರ ಇಲ್ಲದ ಊರಿನಲ್ಲಿ ಎಲ್ಲರೂ ಒಂದೇ ಪುಸ್ತಕದಲ್ಲಿದ್ದು ಶೇಕಡಾ 50 ಕಾಣುತ್ತಿತ್ತು. ಹಾಗಾಗಿ ಶಿಬಿರದಲ್ಲಿ ಪತ್ತೆಯಾದವರನ್ನು ಅದೇ ಊರಿನ, ಅದೇ ಕಾಲದ, ತಾವಾಗಿ ಬಂದವರ ಜೊತೆ ಹೋಲಿಸುವುದು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಹೋಲಿಕೆ. ನೋಡುವುದಕ್ಕೆ ಮಾತ್ರ ಅದೇ ಎಲ್ಲಕ್ಕಿಂತ ನ್ಯಾಯವಾದದ್ದು ಅನ್ನಿಸುತ್ತದೆ.

ಇದೇ ತರ್ಕವನ್ನು ಕೊನೆಯವರೆಗೆ ಎಳೆದರೆ, ಎಷ್ಟು ನಿಧಾನವೆಂದರೆ ಜೀವಮಾನದಲ್ಲಿ ಎಂದೂ ತೊಂದರೆಯೇ ಕೊಡದ ಕ್ಯಾನ್ಸರುಗಳೂ ಪತ್ತೆಯಾಗುತ್ತವೆ. ಅವರೆಲ್ಲ 'ಬದುಕುಳಿದವರು' ಆಗುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನ್ ವ್ಯಾಪಕವಾದ ಮೇಲೆ 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು, ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಬಾಯಿ ಕ್ಯಾನ್ಸರಿನಲ್ಲಿ ಇದು ಅಷ್ಟು ದೊಡ್ಡ ಸಮಸ್ಯೆ ಅಲ್ಲ, ಆದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಇವೆರಡೂ ಬರೀ ಕಾಗದದ ಮೇಲಿನ ಅನುಮಾನ ಅಲ್ಲ ಎನ್ನುವುದಕ್ಕೆ ಎರಡು ನಿಜವಾದ ಅಧ್ಯಯನಗಳನ್ನು ಪಕ್ಕಪಕ್ಕ ಇಡಬೇಕು. ಮೊದಲನೆಯದು ಅಮೆರಿಕದ ಮೇಯೋ ಕ್ಲಿನಿಕ್ಕಿನದು. 1970ರ ದಶಕದಲ್ಲಿ ಸಿಗರೇಟಿನ ಚಟ ಗಟ್ಟಿಯಾಗಿದ್ದ ಸುಮಾರು 9,200 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ವರ್ಷ ಕಾಲ ನಾಲ್ಕು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ಮತ್ತು ಕಫ ಪರೀಕ್ಷೆ. ಇನ್ನೊಂದಕ್ಕೆ ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ ಎಂಬ ಸಲಹೆ ಮಾತ್ರ. ಪರೀಕ್ಷೆಯ ಗುಂಪಿನ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ದಾಟಿದವರು ಶೇಕಡಾ 33, ಇನ್ನೊಂದರಲ್ಲಿ 15. ಎರಡು ಪಟ್ಟಿಗಿಂತ ಹೆಚ್ಚು. ಆದರೆ ಶ್ವಾಸಕೋಶ ಕ್ಯಾನ್ಸರಿನಿಂದ ಸತ್ತವರು? ಪರೀಕ್ಷೆಯ ಗುಂಪಿನಲ್ಲಿ 122, ಇನ್ನೊಂದರಲ್ಲಿ 115. ಪತ್ತೆಯಾದ ಕ್ಯಾನ್ಸರ್ ಮಾತ್ರ 206 ಮತ್ತು 160. ಹೆಚ್ಚಿಗೆ ಸಿಕ್ಕಿದ 46 ಮಂದಿ ರೋಗಿಗಳ ಪಟ್ಟಿಗೆ ಸೇರಿ ಶೇಕಡಾವನ್ನು ಮೇಲೆತ್ತಿದರು, ಸಾವು ಕಡಿಮೆಯಾಗಲಿಲ್ಲ.

ಎರಡನೆಯದು ನಮ್ಮ ರಾಜ್ಯದ್ದೇ, ನಿಮ್ಮ ಶಿಬಿರದ್ದೇ ವಿಷಯ. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳನ್ನು ತೆಗೆದುಕೊಂಡು 1996ರಲ್ಲಿ ಶುರುವಾದ ಅಧ್ಯಯನ, 2005ರಲ್ಲಿ ಪ್ರಕಟವಾಯಿತು. ಕೆಲವು ಪಂಚಾಯತುಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿಯನ್ನು ಬೆಳಕಿನಲ್ಲಿ ನೋಡಿದರು, ಸಂಶಯ ಬಂದವರನ್ನು ಡಾಕ್ಟರ ಹತ್ತಿರ ಕಳುಹಿಸಿದರು. ಉಳಿದ ಪಂಚಾಯತುಗಳಲ್ಲಿ ಎಂದಿನ ವ್ಯವಸ್ಥೆ. ಯಾವ ಪಂಚಾಯತಿಗೆ ಯಾವುದು ಎಂಬುದನ್ನು ಚೀಟಿಯಿಂದ ನಿರ್ಧರಿಸಿದ್ದರು.

ತಪಾಸಣೆಯ ಕಡೆ 205 ಕ್ಯಾನ್ಸರ್, 77 ಸಾವು. ಇನ್ನೊಂದು ಕಡೆ 158 ಕ್ಯಾನ್ಸರ್, 87 ಸಾವು. ನಿಮ್ಮ ರೀತಿಯಲ್ಲಿ, ರೋಗಿಗಳನ್ನೇ ಛೇದದಲ್ಲಿ ಇಟ್ಟು ಲೆಕ್ಕ ಮಾಡಿದರೆ ಸತ್ತವರು ಶೇಕಡಾ 38 ಮತ್ತು 55. ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು ಎನ್ನಬೇಕಾಗುತ್ತದೆ. ಆದರೆ ಸಂಶೋಧಕರು ಹಾಗೆ ಎಣಿಸಲಿಲ್ಲ. ಛೇದದಲ್ಲಿ ಇಟ್ಟದ್ದು ಆ ಪಂಚಾಯತುಗಳ ಎಲ್ಲ ಅರ್ಹ ಜನರನ್ನು, ಒಬ್ಬೊಬ್ಬರನ್ನು ಎಷ್ಟು ವರ್ಷ ಗಮನಿಸಿದರೋ ಅಷ್ಟು ವರ್ಷಗಳನ್ನು. ಹಾಗೆ ನೋಡಿದಾಗ ಲಕ್ಷ ಜನ ಒಂದು ವರ್ಷಕ್ಕೆ ಬಾಯಿ ಕ್ಯಾನ್ಸರ್ ಸಾವು 16.4 ಮತ್ತು 20.7. ಇಳಿದದ್ದು ಶೇಕಡಾ 21. ಅದೂ 13 ಪಂಚಾಯತುಗಳ ನಡುವಿನ ಆಕಸ್ಮಿಕ ವ್ಯತ್ಯಾಸವಿರಲಿಕ್ಕಿಲ್ಲ ಎಂದು ಧೈರ್ಯವಾಗಿ ಹೇಳುವಷ್ಟು ಗಟ್ಟಿ ಆಗಲಿಲ್ಲ. ಹೊಗೆಸೊಪ್ಪು ಅಥವಾ ಮದ್ಯ ಬಳಸುವವರನ್ನು ಪ್ರತ್ಯೇಕ ನೋಡಿದಾಗ ಸಾವು ಶೇಕಡಾ 34 ಇಳಿದಿತ್ತು, ಅದು ಗಟ್ಟಿಯಾಗಿತ್ತು.

ಇದೇ ಸಂಖ್ಯೆಗಳನ್ನು ಇನ್ನೊಂದು ರೀತಿಯಲ್ಲಿ ತಿರುಗಿಸಿ ನೋಡಿ. ತಪಾಸಣೆಯಿಂದ ಒಂದು ಸಾವೂ ತಪ್ಪಲಿಲ್ಲ, ಅಲ್ಲಿಯೂ ಲಕ್ಷಕ್ಕೆ 20.7 ಜನರೇ ಸತ್ತರು ಎಂದಿಟ್ಟುಕೊಂಡರೆ ಸಾವುಗಳು 77ರ ಬದಲು ಸುಮಾರು 97 ಆಗುತ್ತಿದ್ದವು. ಪತ್ತೆಯಾದವರು ಆಗಲೂ 205 ಎಂದರೆ, ರೋಗಿಗಳಲ್ಲಿ ಸತ್ತವರು ಶೇಕಡಾ 47. ಅತ್ತ 55, ಇತ್ತ 47. ಒಂದು ಜೀವವೂ ಉಳಿಯದೆ ಎಂಟು ಅಂಶದ 'ಸುಧಾರಣೆ' ಪುಸ್ತಕದಲ್ಲಿ ಕಾಣುತ್ತಿತ್ತು. ಅಧ್ಯಯನ ಮುಗಿದ ಮೇಲೆ ಲಕ್ಷಣ ತೋರಿಸಬೇಕಿದ್ದ ಕೆಲವು ಕ್ಯಾನ್ಸರುಗಳು ಮೊದಲೇ ಪತ್ತೆಯಾಗಿ ಲೆಕ್ಕದೊಳಗೆ ಬಂದದ್ದರಿಂದ ಹೀಗಾಗುತ್ತದೆ. ಇದರಲ್ಲಿ ತಾವಾಗಿ ಬಂದ ರೋಗಿಗಳೂ ತಪಾಸಣೆಯ ಗುಂಪಿನೊಳಗೇ ಇದ್ದರು ಎಂಬುದನ್ನು ಮರೆಯಬೇಡಿ. ನಿಮ್ಮ ಹಾಗೆ ಅವರನ್ನು ಆಚೆ ಪಂಗಡಕ್ಕೆ ಹಾಕಿದ್ದರೆ ಅಂತರ ಇನ್ನೂ ಉಬ್ಬುತ್ತಿತ್ತು.

ಮೇಯೋದಲ್ಲಿ ಬದುಕುಳಿವು ಏರಿತು, ಸಾವು ಇಳಿಯಲಿಲ್ಲ. ತಿರುವನಂತಪುರದಲ್ಲಿ ಬದುಕುಳಿವು ಏರಿತು, ಹೊಗೆಸೊಪ್ಪು ಅಥವಾ ಮದ್ಯ ಬಳಸುವವರಲ್ಲಿ ಸಾವೂ ಇಳಿಯಿತು. ಬದುಕುಳಿವಿನ ಶೇಕಡಾ ಮಾತ್ರ ಕೈಯಲ್ಲಿದ್ದಿದ್ದರೆ ಇವೆರಡನ್ನು ಬೇರೆ ಮಾಡಲು ಸಾಧ್ಯವಿರಲಿಲ್ಲ, ಮೇಯೋದ್ದೇ ಹೆಚ್ಚು ಆಕರ್ಷಕವಾಗಿ ಕಾಣುತ್ತಿತ್ತು.

ಎರಡು ಬಯಾಸ್‌ಗಳಿಂದಲೂ ತಪ್ಪಿಸಿಕೊಳ್ಳುವ ಉಪಾಯ ಈ ಅಧ್ಯಯನಗಳ ರಚನೆಯಲ್ಲೇ ಇದೆ. ಎಣಿಕೆಯನ್ನು ಪತ್ತೆಯಾದ ದಿನದಿಂದ ಶುರು ಮಾಡದೆ, ಎರಡೂ ಕಡೆಯವರಿಗೆ ಒಂದೇ ಆಗಿರುವ, ಗುಂಪು ಹಂಚಿದ ದಿನದಿಂದ ಶುರು ಮಾಡಿದರೆ ಲೀಡ್ ಟೈಮಿಗೆ ನುಸುಳಲು ದಾರಿ ಇಲ್ಲ. ಪತ್ತೆ ಹಿಂದೆ ಸರಿಯಲಿ, ಮುಂದೆ ಸರಿಯಲಿ, ಸತ್ತ ದಿನ ಮತ್ತು ಹಂಚಿದ ದಿನ ಬದಲಾಗುವುದಿಲ್ಲ. ಛೇದದಲ್ಲಿ ರೋಗಿಗಳ ಬದಲು ಇಡೀ ಜನಸಂಖ್ಯೆ ಇಟ್ಟರೆ ಲೆಂಗ್ತ್ ಬಯಾಸ್ ಹೋಗುತ್ತದೆ, ಯಾಕೆಂದರೆ ನಿಧಾನದವರು ವೇಗದವರು ಎಲ್ಲರೂ ಆ ಜನಸಂಖ್ಯೆಯಲ್ಲೇ ಇದ್ದಾರೆ, ಯಾವ ಪುಸ್ತಕದಲ್ಲಿ ಬರೆದರು ಎಂಬುದು ಮುಖ್ಯವಲ್ಲ. ಕರೆದರೂ ಬಾರದವರನ್ನೂ ಛೇದದಲ್ಲಿ ಇಟ್ಟುಕೊಳ್ಳಲೇಬೇಕು. ತಿರುವನಂತಪುರದಲ್ಲಿ ತಪಾಸಣೆಯ ಕಡೆ 96,517 ಮಂದಿ ಇದ್ದರು, ಒಮ್ಮೆಯಾದರೂ ಬಾಯಿ ತೋರಿಸಿದವರು 87,655. ಲೆಕ್ಕಕ್ಕೆ ತೆಗೆದುಕೊಂಡದ್ದು 96,517 ಮಂದಿಯನ್ನೂ. ಬಂದವರನ್ನು ಮಾತ್ರ ಎಣಿಸಿದರೆ, ಆರೋಗ್ಯದ ಬಗ್ಗೆ ಕಾಳಜಿ ಇರುವವರೇ ಬಂದಿರುತ್ತಾರೆ ಎಂಬ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ.

ಬದುಕುಳಿವಿನ ಶೇಕಡಾ ತಿರುಗಿ ಬೀಳುವುದೂ ಉಂಟು. ಗರ್ಭಕೊರಳಿನ ತಪಾಸಣೆಯಲ್ಲಿ ಕ್ಯಾನ್ಸರ್ ಆಗುವುದಕ್ಕೆ ಮೊದಲಿನ ಬದಲಾವಣೆಯನ್ನೇ ಹುಡುಕಿ ತೆಗೆದುಬಿಡುತ್ತಾರೆ. ನಿಧಾನವಾಗಿ ಕ್ಯಾನ್ಸರ್ ಆಗಬೇಕಿದ್ದವು ಹೀಗೆ ಪಟ್ಟಿಯಿಂದಲೇ ಮಾಯವಾದಾಗ ಪಟ್ಟಿಯಲ್ಲಿ ಉಳಿಯುವುದು ವೇಗದವು, ಅವುಗಳ ಬದುಕುಳಿವು ಕಡಿಮೆ. ಒಳ್ಳೆಯ ಕಾರ್ಯಕ್ರಮವೇ ಕೆಟ್ಟದಾಗಿ ಕಾಣಬಹುದು. ಬೀದರ್, ಕಲಬುರಗಿ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಈಗಿನ ಧಾರಾಶಿವ ಜಿಲ್ಲೆಯಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ಸಿನ ಪರೀಕ್ಷೆ ಒಂದೇ ಸಲ ಆದ ಗುಂಪಿನಲ್ಲಿ 34 ಸಾವು, ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. ಒಂದೊಂದು ಗುಂಪಿನಲ್ಲಿಯೂ ಮೂವತ್ತು ಸಾವಿರಕ್ಕೂ ಮಿಕ್ಕಿ ಹೆಂಗಸರಿದ್ದರು. ಅಲ್ಲಿಯೂ ಎಣಿಸಿದ್ದು ಜನಸಂಖ್ಯೆಯಲ್ಲಿ ಆದ ಸಾವುಗಳನ್ನೇ.

ಈಗ ನಿಮ್ಮ ವರದಿ. ನಿಮ್ಮ ಪಂಚಾಯತಿನಲ್ಲಿ ಸಾವು ಇಳಿಯಿತೇ ಎಂದು ನೀವೇ ಅಳೆದು ನೋಡಬಹುದೇ? ಆಗುವುದಿಲ್ಲ, ಕಾರಣ ಸಂಖ್ಯೆ ಸಣ್ಣದು. 35 ದಾಟಿದವರು 15,000 ಇದ್ದಾರೆ ಎಂದುಕೊಂಡರೆ, ಮೇಲಿನ 20.7ರ ಪ್ರಕಾರ ವರ್ಷಕ್ಕೆ ಮೂರು ಸಾವು. ಐದನೇ ಒಂದು ಭಾಗ ಇಳಿದರೂ ಎರಡೂವರೆಯ ಆಸುಪಾಸು. ಒಂದು ವರ್ಷ ಎರಡು, ಮರುವರ್ಷ ಐದು ಆಗುವುದು ಏನೂ ಕಾರಣವಿಲ್ಲದೆಯೂ ನಡೆಯುತ್ತದೆ. ಸುಮಾರು ಎರಡು ಲಕ್ಷ ಜನರ ಅಧ್ಯಯನದಲ್ಲೇ ಒಟ್ಟಾರೆ ಉತ್ತರ ಗಟ್ಟಿಯಾಗದಿದ್ದಾಗ ಒಂದು ಪಂಚಾಯತಿನಿಂದ ಅದನ್ನು ನಿರೀಕ್ಷಿಸಬಾರದು. ನಿಮ್ಮ ಶಿಬಿರಕ್ಕೆ ಆಧಾರ ನಿಮ್ಮ 15 ಮತ್ತು 12 ಅಲ್ಲ, ತಿರುವನಂತಪುರದ ಅಧ್ಯಯನ. ವರದಿಯಲ್ಲಿ ಅದನ್ನೇ ಬರೆಯಿರಿ, ಮತ್ತು ಲಾಭ ಸ್ಪಷ್ಟವಾಗಿ ಕಂಡದ್ದು ಹೊಗೆಸೊಪ್ಪು, ಮದ್ಯ ಬಳಸುವವರಲ್ಲಿ ಎಂಬುದನ್ನು ಬಿಡದೆ ಬರೆಯಿರಿ.

ನೀವು ಅಳೆಯಬಹುದಾದದ್ದು ಬೇರೆ ಇದೆ. ಮುಂದುವರಿದ ಹಂತದಲ್ಲಿ, ಅಂದರೆ ಮೂರು ಮತ್ತು ನಾಲ್ಕನೇ ಹಂತದಲ್ಲಿ ಪತ್ತೆಯಾದ ನಿಮ್ಮ ಪಂಚಾಯತಿನ ಎಲ್ಲ ರೋಗಿಗಳ ಸಂಖ್ಯೆಯನ್ನು ವರ್ಷವರ್ಷ ಬರೆದಿಡಿ, ಶಿಬಿರಕ್ಕೆ ಬಂದವರು, ಬಾರದವರು, ಎಲ್ಲರನ್ನೂ ಸೇರಿಸಿ. ಬರೆಯಬೇಕಾದದ್ದು ಸಂಖ್ಯೆ, ಶೇಕಡಾ ಅಲ್ಲ. 'ನಮ್ಮಲ್ಲಿ ಶೇಕಡಾ 60 ಮೊದಲ ಹಂತದಲ್ಲೇ ಪತ್ತೆ' ಎಂಬ ಸಾಲು ಕೇಳುವುದಕ್ಕೆ ಚೆಂದ, ಆದರೆ ಅದು ಬದುಕುಳಿವಿನ ಶೇಕಡಾದ ತಮ್ಮನೇ. ನಿಧಾನದ ಸಣ್ಣ ಗಡ್ಡೆಗಳು ಹತ್ತು ಹೆಚ್ಚಿಗೆ ಸಿಕ್ಕಿದರೆ ಆ ಶೇಕಡಾ ಏರುತ್ತದೆ, ಮುಂದುವರಿದ ರೋಗಿಗಳು ಹಿಂದೆ ಇದ್ದಷ್ಟೇ ಇರಬಹುದು. ಶಿಬಿರದಿಂದ ಸಾವು ತಪ್ಪಬೇಕಾದರೆ ಮೊದಲು ಈ ಮುಂದುವರಿದವರ ಸಂಖ್ಯೆ ಇಳಿಯಬೇಕು. ಕೆಲವು ಪಂಚಾಯತುಗಳು ಸೇರಿ ಹಲವು ವರ್ಷ ಬರೆದಿಟ್ಟರೆ ಮಾತ್ರ ಇದಕ್ಕೂ ಅರ್ಥ ಬರುತ್ತದೆ.

ಈ ಎಣಿಕೆಯಲ್ಲಿ ಕಾಸರಗೋಡಿನವರಿಗೆ ಒಂದು ವಿಶೇಷ ತೊಡಕಿದೆ. ರೋಗಿಗಳು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ಹೋಗುತ್ತಾರೆ, ಗಡಿ ದಾಟಿ ಮಂಗಳೂರಿಗೂ ಹೋಗುತ್ತಾರೆ. ಸಾವಿನ ನೋಂದಣಿ ಆಗುವುದು ಸಾವು ನಡೆದ ಸ್ಥಳದಲ್ಲಿ. ಹಾಗಾಗಿ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಬದಿಯಡ್ಕದವರ ಹೆಸರು ನಿಮ್ಮ ಪಂಚಾಯತಿನ ಮರಣ ರಿಜಿಸ್ಟರಿನಲ್ಲಿ ಸಿಗದೆ ಹೋಗಬಹುದು. ರಿಜಿಸ್ಟರ್ ಮಾತ್ರ ನೋಡಿ 'ಸತ್ತ ದಾಖಲೆ ಇಲ್ಲ, ಅಂದರೆ ಬದುಕಿದ್ದಾರೆ' ಎಂದು ಎಣಿಸಿದರೆ ಬದುಕುಳಿವು ಸುಮ್ಮನೆ ಏರುತ್ತದೆ. ನಿಮ್ಮ 15 ಮಂದಿಯಲ್ಲಿ ಪ್ರತಿಯೊಬ್ಬರನ್ನೂ ಮನೆಗೆ ಹೋಗಿ ಕಂಡಿದ್ದೀರಾ ಅಥವಾ ಸುದ್ದಿ ಇಲ್ಲದವರನ್ನು ಬದುಕಿದ್ದವರ ಕಡೆ ಹಾಕಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ. ವಾರ್ಡಿನ ಆಶಾ ಕಾರ್ಯಕರ್ತೆಯರಿಂದ ಮನೆ ಮಟ್ಟದಲ್ಲಿ ಕೇಳಿ ತಿಳಿಯುವುದೇ ಇಲ್ಲಿ ಹೆಚ್ಚು ನಂಬಬಹುದಾದ ದಾರಿ.

ಇನ್ನೊಂದು ಸಂಖ್ಯೆಯನ್ನು ಹೆಚ್ಚಿನ ಶಿಬಿರಗಳ ವರದಿಯಲ್ಲಿ ಕಾಣುವುದೇ ಇಲ್ಲ. ತಿರುವನಂತಪುರದಲ್ಲಿ ಬಾಯಿಯಲ್ಲಿ ಸಂಶಯದ ಕಲೆ, ಹುಣ್ಣು ಕಂಡ 5,145 ಮಂದಿಗೆ ಡಾಕ್ಟರರಲ್ಲಿಗೆ ಹೋಗಿ ಎಂದು ಹೇಳಿದ್ದರು. ಹೋದವರು 3,218, ಶೇಕಡಾ 63. ಉಳಿದವರಿಗೆ ತಪಾಸಣೆಯಿಂದ ಏನೂ ಆಗಲಿಲ್ಲ. ನಿಮ್ಮ ಪುಸ್ತಕದಲ್ಲಿ ಮೂರು ಕಾಲಂ ಸೇರಿಸಿ: ಕಳುಹಿಸಿದ ದಿನಾಂಕ, ಬಯಾಪ್ಸಿ ಆದ ದಿನಾಂಕ, ಚಿಕಿತ್ಸೆ ಶುರುವಾದ ದಿನಾಂಕ. ಎರಡನೆಯ ಕಾಲಂ ಒಂದು ತಿಂಗಳಾದರೂ ಖಾಲಿ ಇದ್ದರೆ ಆ ಮನೆಗೆ ಯಾರಾದರೂ ಹೋಗಬೇಕು. ಈ ಸಂಖ್ಯೆಗಳನ್ನು ಲೀಡ್ ಟೈಮೂ ಲೆಂಗ್ತ್ ಬಯಾಸೂ ಉಬ್ಬಿಸಲಾರವು, ಮತ್ತು ಎರಡೂವರೆ ಪಟ್ಟಿನ ಸಾಲನ್ನು ತೆಗೆದು ಆ ಜಾಗದಲ್ಲಿ ಇವನ್ನೇ ಹಾಕಬಹುದು.